ಕೆರೆ ನಮ್ಮ ಪಂಚಾಯ್ತಿದು, ಹೂಳು ಬರೋ ಗುಡ್ಡ ಪಕ್ಕದವರದು. ಯೋಜನೆ ಎಲ್ಲಿಂದ ಶುರು ಮಾಡಬೇಕು?

ಕೆರೆಕೋಡಿ

ನಮ್ಮದು ಸಾಗರ ತಾಲ್ಲೂಕು, ನೀರು ವರದಾ ಕಡೆಗೆ ಹೋಗೋ ಭಾಗ. ಊರ ಕೆರೆ ಸುಮಾರು 6 ಹೆಕ್ಟೇರ್ ಇದೆ. ಕೆಳಗೆ ಗದ್ದೆ, ಈಚೆಗೆ ಗದ್ದೆಯ ಅಂಚಿಗೆಲ್ಲ ಅಡಿಕೆ ಬಂದಿದೆ. ಕೆಲವು ವರ್ಷದ ಹಿಂದೆ ಕೆರೆ ಹೂಳು ತೆಗೆಸಿದ್ದೆವು. ಈಗ ಹಳ್ಳ ಕೆರೆಗೆ ಸೇರುವ ಬಾಯಲ್ಲಿ ಮತ್ತೆ ದಿಣ್ಣೆ ಎದ್ದಿದೆ. ಬೇಸಿಗೆಯಲ್ಲಿ ಅದರ ಮೇಲೆ ದನ ಮೇಯುತ್ತವೆ.

ಕೆರೆಗೆ ಬರೋದು ಒಂದೇ ಹಳ್ಳ. ತೊಂದರೆ ಏನಂದ್ರೆ ಆ ಹಳ್ಳವೇ ಎರಡು ಪಂಚಾಯ್ತಿಗಳ ಗಡಿ. ಹಳ್ಳದ ಈಚೆ ನಮ್ಮದು, ಆಚೆ ಅವರದು. ಇನ್ನೂ ಮೇಲೆ ಹೋದರೆ ಹಳ್ಳ ಎರಡು ಕವಲಾಗುತ್ತದೆ. ಒಂದು ಕಾನಿನಿಂದ ಬರುತ್ತದೆ, ಇನ್ನೊಂದು ಶುಂಠಿ ಹಾಕಿರೋ ಗುಡ್ಡದಿಂದ. ಎರಡೂ ಅವರ ಪಂಚಾಯ್ತಿಯ ಒಳಗೇ ಇವೆ. ನಮ್ಮ ಪಂಚಾಯ್ತಿಯಲ್ಲಿ ಕೇಳಿದರೆ ಹೂಳು ಬೇಕಾದರೆ ಇನ್ನೊಮ್ಮೆ ತೆಗೆಸೋಣ, ಗುಡ್ಡದಲ್ಲಿ ನಾವು ಕೆಲಸ ಮಾಡಲು ಬರಲ್ಲ ಅಂತಾರೆ. ಮುಂದಿನ ವರ್ಷದ ಕ್ರಿಯಾಯೋಜನೆಗೆ ಏನಾದರೂ ಕೊಡಬೇಕು. ಒಂದು ಹಳ್ಳಕ್ಕೆ ನೀರು ಬರೋ ಜಾಗವನ್ನೆಲ್ಲ ಒಟ್ಟಿಗೆ ಹಿಡಿದು ಕಿರು ಜಲಾನಯನ ಅಂತ ಮಾಡಿದರೆ ಗಡಿ ಅಡ್ಡ ಬರಲ್ಲ ಅಂತ ಕೇಳಿದ್ದೇನೆ. ಗೊತ್ತಿದ್ದವರು ಹೇಳಿ.

ತೋಟದಮನೆ

ಕೆರೆಗೆ ಸ್ವಲ್ಪ ಮೇಲೆ ಹಳ್ಳಕ್ಕೆ ಒಂದು ದೊಡ್ಡ ಚೆಕ್‌ಡ್ಯಾಮ್ ಕಟ್ಟಿಸಿ. ಹೂಳು ಅಲ್ಲೇ ನಿಲ್ಲುತ್ತದೆ. ಒಂದು ದಂಡೆ ನಿಮ್ಮದೇ ಅಲ್ವಾ, ಯಾರನ್ನೂ ಕೇಳೋದು ಬೇಡ.

ಇಳಿಜಾರು

ನಾನು ಜಲಾನಯನ ಯೋಜನೆಗಳಲ್ಲಿ ಬಹಳ ವರ್ಷ ಫೀಲ್ಡ್ ಕೆಲಸ ಮಾಡಿದವಳು. ಹೆಚ್ಚಾಗಿ ಬಯಲುಸೀಮೆಯಲ್ಲಿ, ಕೊನೆಗೆ ಮಲೆನಾಡಿನಲ್ಲಿ.

ತೋಟದಮನೆಯವರು ಹೇಳಿದ್ದು ಅರ್ಧ ಸರಿ. ಚೆಕ್‌ಡ್ಯಾಮ್ ಹೂಳು ಹಿಡಿಯುತ್ತದೆ, ಆದರೆ ತುಂಬೋ ತನಕ ಮಾತ್ರ. ನಮ್ಮ ಮಳೆಗೆ ಹಳ್ಳದ ನಡುವಿನ ಸಣ್ಣ ಕಟ್ಟೆ ಒಂದೆರಡು ಮಳೆಗಾಲಕ್ಕೆ ತುಂಬಿಬಿಡುತ್ತದೆ. ಆಮೇಲೆ ಅದರ ಮೇಲೆ ಹಾದು ಕೆರೆಗೇ ಬರುತ್ತದೆ. ಇನ್ನೊಂದು, ಕಟ್ಟೆಯ ಒಂದು ತುದಿ ಕೂರೋದು ಆಚೆ ದಂಡೆಯಲ್ಲಿ. ಅದಕ್ಕೆ ಅವರನ್ನು ಕೇಳಲೇಬೇಕು.

ಕೆರೆಕೋಡಿಯವರೇ, ನಿಮ್ಮ ಊರಿನ ಪರಿಸ್ಥಿತಿ ಬಹಳ ಕಡೆ ಇದೆ. ಗ್ರಾಮದ ಗಡಿ ಹಾಕುವಾಗ ಕಣ್ಣಿಗೆ ಕಾಣೋ ಗುರುತು ಬೇಕಿತ್ತು. ಹಳ್ಳ ಎಲ್ಲರಿಗೂ ಕಾಣುತ್ತದೆ, ಹಾಗಾಗಿ ಎಷ್ಟೋ ಕಡೆ ಹಳ್ಳವೇ ಗಡಿ ಆಯ್ತು. ಜಲಾನಯನದ ಗಡಿ ಇರೋದು ದಿಣ್ಣೆಯ ನೆತ್ತಿಯಲ್ಲಿ, ಮಳೆ ನೀರು ಆಚೆಗೊಂದು ಪಾಲು ಈಚೆಗೊಂದು ಪಾಲು ಆಗೋ ಕಡೆ. ಅಂದರೆ ಪಂಚಾಯ್ತಿಯ ಗೆರೆ ಜಲಾನಯನದ ಹೊಟ್ಟೆಯನ್ನೇ ಸೀಳಿಕೊಂಡು ಹೋಗುತ್ತದೆ. ಎರಡು ಪಂಚಾಯ್ತಿಗೂ ಒಂದೊಂದು ಮಗ್ಗುಲು ಸಿಗುತ್ತದೆ, ಇಡೀ ಹಳ್ಳ ಯಾರಿಗೂ ಸಿಗಲ್ಲ.

ಮೊದಲು ಇಷ್ಟು ಮಾಡಿ. ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆ ತೆಗೆದುಕೊಳ್ಳಿ. ಅದರಲ್ಲಿ 20 ಮೀಟರ್‌ಗೆ ಒಂದು ಸಮೋನ್ನತಿ ರೇಖೆ ಇರುತ್ತದೆ. ಕೆರೆಯ ಕೋಡಿಗೆ ಪೆನ್ಸಿಲ್ ಇಡಿ. ಅಲ್ಲಿಂದ ಕೆರೆ ಏರಿಯ ಒಂದು ತುದಿಯ ದಿಣ್ಣೆಗೆ ಹೋಗಿ, ಆ ರೇಖೆಗಳನ್ನು ನೇರವಾಗಿ ಅಡ್ಡ ಕತ್ತರಿಸಿಕೊಂಡು ಮೇಲೆ ಹತ್ತಿ. ರೇಖೆಯ ಮೂತಿ ಎತ್ತರದ ಕಡೆ ಚಾಚಿದ್ದರೆ ಅದು ಕಣಿವೆ, ತಗ್ಗಿನ ಕಡೆ ಚಾಚಿದ್ದರೆ ದಿಣ್ಣೆ. ನಿಮ್ಮ ಗೆರೆ ದಿಣ್ಣೆ ಮೇಲೇ ಸಾಗಬೇಕು. ಎಲ್ಲೂ ಹಳ್ಳ ದಾಟಬಾರದು, ಕೋಡಿ ಒಂದನ್ನು ಬಿಟ್ಟು. ದಾಟಿತು ಅಂದರೆ ಗೆರೆ ತಪ್ಪಿದೆ ಅಂತಲೇ ಅರ್ಥ. ಸುತ್ತಿಬಂದು ಏರಿಯ ಇನ್ನೊಂದು ತುದಿಗೆ ಮುಗಿಸಿ. ಮೇಲೆ ಗ್ರಾಫ್ ಟ್ರೇಸಿಂಗ್ ಹಾಳೆ ಇಟ್ಟು ಚೌಕ ಎಣಿಸಿ. ಒಂದು ಚದರ ಸೆಂಟಿಮೀಟರ್ ಅಂದರೆ 25 ಹೆಕ್ಟೇರ್. ಆಮೇಲೆ ಪಂಚಾಯ್ತಿ ಗಡಿಯನ್ನು ಬೇರೆ ಬಣ್ಣದಲ್ಲಿ ಎಳೆಯಿರಿ. ಯಾರ ಕಡೆ ಎಷ್ಟಿದೆ ಅಂತ ಅಲ್ಲೇ ಕಾಣುತ್ತದೆ.

ಮಲ್ನಾಡಿಗ_ಬೆಂಗಳೂರು

ಇಷ್ಟೆಲ್ಲ ಕೈಯಲ್ಲಿ ಯಾಕೆ ಅಕ್ಕಾ? 30 ಮೀಟರ್‌ಗೆ ಒಂದು ಚೌಕದ ಹಾಗೆ ನೆಲದ ಎತ್ತರದ ಉಪಗ್ರಹ ದತ್ತಾಂಶ ಪುಕ್ಕಟೆ ಸಿಗುತ್ತದೆ. ನಕ್ಷೆ ಮಾಡೋ ತಂತ್ರಾಂಶ QGIS ಜೊತೆ GRASS ಇದ್ದರೆ ಎರಡು ಸಾಲಿನ ಕೆಲಸ. ಮೊದಲು ಆ ದತ್ತಾಂಶವನ್ನು ಮೀಟರ್ ಲೆಕ್ಕದ EPSG:32643ಕ್ಕೆ ಬದಲಾಯಿಸಿ dem ಅಂತ ಹೆಸರು ಕೊಡಿ, ಆಮೇಲೆ:

```
r.watershed elevation=dem threshold=500 accumulation=acc drainage=dir stream=halla
r.water.outlet input=dir output=kere coordinates=E,N
```

E,N ಜಾಗದಲ್ಲಿ ಕೋಡಿಯ ಪೂರ್ವ ಮತ್ತು ಉತ್ತರದ ಅಂಕೆ ಹಾಕಿ. ಗಡಿ ತಾನೇ ಬರುತ್ತದೆ. ಸುಮ್ನೆ ವಾದ ಬೇಡ, ಕಂಪ್ಯೂಟರ್ ಹೇಳಿದ್ದೇ ನಿಜವಾದ ಗೆರೆ ಅಂತ ಎರಡೂ ಪಂಚಾಯ್ತಿ ಒಪ್ಪಿಕೊಂಡರೆ ಮುಗೀತು.

ಇಳಿಜಾರು

ಆ ಎರಡು ಸಾಲು ಸರಿ ಇದೆ ತಮ್ಮಾ, ನಾನೂ ಅದನ್ನೇ ಬಳಸುತ್ತೇನೆ. ಆದರೆ ಕೋಡಿಯ ಬಿಂದು ಕಂಪ್ಯೂಟರ್ ಎಳೆದ ಹಳ್ಳದ ಮೇಲೇ ಬೀಳಬೇಕು. ಒಂದೆರಡು ಚೌಕ ಪಕ್ಕಕ್ಕೆ ಬಿದ್ದರೆ ಇಡೀ ಕಣಿವೆ ಬದಲು ಬರೀ ಒಂದು ಗದ್ದೆಯಷ್ಟು ಜಾಗ ತೋರಿಸುತ್ತದೆ. ಅದು ಬೇಗ ಗೊತ್ತಾಗುತ್ತದೆ, ಸರಿ ಮಾಡಬಹುದು.

ಗೊತ್ತಾಗದೆ ಉಳಿಯೋ ತಪ್ಪು ಬೇರೆ ಇದೆ. ಉಪಗ್ರಹದಿಂದ ಬರೋ ಈ ಎತ್ತರ ಬಹಳ ಕಡೆ ನೆಲದ್ದಲ್ಲ, ಮರದ ತಲೆಯದ್ದು. ಬಯಲುಸೀಮೆಯಲ್ಲಿ ಇದರಿಂದ ಅಂಥ ತೊಂದರೆ ಇಲ್ಲ. ನಮ್ಮಲ್ಲಿ ಕಣಿವೆಯ ತಳದಲ್ಲೇ ಅಡಿಕೆ ತೋಟ ಇರೋದು. ಹದಿನೈದು ಮೀಟರ್ ಎತ್ತರದ ಮರ ಕಣಿವೆಯನ್ನು ಅಷ್ಟರ ಮಟ್ಟಿಗೆ ತುಂಬಿದ ಹಾಗೆ ತೋರಿಸುತ್ತದೆ. ಪಕ್ಕದ ಬೋಳುಗುಡ್ಡ ಇದ್ದಷ್ಟೇ ಎತ್ತರ ಕಾಣುತ್ತದೆ. ಕಾನಿನ ಅಂಚಿನಲ್ಲಿ ಇಲ್ಲದ ದಿಣ್ಣೆ ಏಳುತ್ತದೆ. ಕಡಿದಾದ ಘಟ್ಟದಲ್ಲಿ ಗೆರೆ ಅಷ್ಟು ಕೆಡಲ್ಲ. ಆದರೆ ಸಾಗರ, ಸೊರಬದ ಕಡೆ ಎರಡು ಕಣಿವೆಗಳ ನಡುವೆ ತಗ್ಗಾದ, ಮಟ್ಟಸವಾದ ದಿಣ್ಣೆ ಇರೋ ಕಡೆ ಗೆರೆ ಅರ್ಧ ಕಿಲೋಮೀಟರ್ ಕೂಡ ಸರಿಯಬಹುದು. ಅಂಥ ಕಡೆ ಮಳೆ ಬರುವಾಗ ಹೋಗಿ ನಿಂತು ನೀರು ಯಾವ ಕಡೆ ಹರಿಯುತ್ತದೆ ಅಂತ ನೋಡೋದೇ ದಾರಿ. ಕಂಪ್ಯೂಟರ್ ಹೇಳಿದ್ದೇ ನಿಜ ಅಂತ ಗ್ರಾಮಸಭೆಯಲ್ಲಿ ಹೇಳಿದರೆ, ದಿನಾ ಆ ಗುಡ್ಡ ಹತ್ತೋರು ಒಪ್ಪಲ್ಲ. ಒಪ್ಪಬಾರದು ಕೂಡ.

ಹೊಸನಗರ_ಕಡೆಯವ

ಜಲಾನಯನ ಪ್ಲಾನು ಅಂದರೆ ಕೊನೆಗೆ ನೀರು ಬೇರೆ ಕಡೆ ಸಾಗಿಸೋದೇ ಅಲ್ವಾ? 2019ರಲ್ಲಿ ಶರಾವತಿ ನೀರನ್ನು ಬೆಂಗಳೂರಿಗೆ ಒಯ್ಯುತ್ತೇವೆ ಅಂದಾಗ ನಾವು ಜಿಲ್ಲೆ ಬಂದ್ ಮಾಡಿದ್ದು ನೆನಪಿದೆಯಾ? ನಮ್ಮ ಭೂಮಿ ಲಿಂಗನಮಕ್ಕಿಗೆ ಹೋಯ್ತು. ಈಗ ಮತ್ತೆ ನಕ್ಷೆ, ಗೆರೆ, ಕೋಡ್ ಅಂದರೆ ಭಯ ಆಗುತ್ತದೆ. ಮೊದಲು ಊರವರನ್ನು ಕೇಳಿ.

ಕೆರೆಕೋಡಿ

ಅಣ್ಣಾ, ನಾನು ಕೇಳಿದ್ದು ಒಂದು ಕೆರೆಯ ಹೂಳಿನ ವಿಷಯ. ನೀರು ಎಲ್ಲಿಗೂ ಒಯ್ಯೋದಿಲ್ಲ. ನಿಮ್ಮ ಭಯ ಅರ್ಥ ಆಗುತ್ತದೆ, ಮುಳುಗಡೆ ಆದವರ ಮನೆಗಳು ನಮ್ಮ ಊರಲ್ಲೂ ಇವೆ.

ಇಳಿಜಾರು

ಹೊಸನಗರದವರ ಮಾತಿನಲ್ಲಿ ತೆಗೆದುಕೊಳ್ಳಬೇಕಾದ್ದೂ ಇದೆ. ದಿಣ್ಣೆ ನೀರನ್ನು ಪಾಲು ಮಾಡುತ್ತದೆ ನಿಜ, ಆದರೆ ಮನುಷ್ಯ ಅದನ್ನು ದಾಟಿಸುತ್ತಾನೆ. ಚಕ್ರಾ, ಸಾವೆಹಕ್ಲು ಜಲಾಶಯದ ನೀರನ್ನು ಲಿಂಗನಮಕ್ಕಿಗೆ ತಿರುಗಿಸಿದ್ದು ಹಾಗೇ. ಆದ್ದರಿಂದ ನಕ್ಷೆಯ ಗೆರೆ ಎಳೆದ ಮೇಲೆ, ಈ ಗೆರೆ ದಾಟಿ ಒಳಗೆ ಬರೋ ಕಾಲುವೆ, ಚರಂಡಿ, ಪೈಪು ಏನಾದರೂ ಇದೆಯಾ ಅಂತ ನೋಡಬೇಕು. ಇದನ್ನು ಬಹಳ ಜನ ಬಿಡುತ್ತಾರೆ.

ನಿಮ್ಮ ಹೊಸನಗರ ತಾಲ್ಲೂಕನ್ನೇ ನೋಡಿ. ಹುಂಚದಲ್ಲಿ ಹುಟ್ಟೋ ಕುಮುದ್ವತಿ ಶಿಕಾರಿಪುರದ ಮೇಲೆ ಹಾದು ತುಂಗಭದ್ರೆಗೆ ಸೇರುತ್ತದೆ, ಅಂದರೆ ಬಂಗಾಳ ಕೊಲ್ಲಿಗೆ. ಅದೇ ತಾಲ್ಲೂಕಿನ ಶರಾವತಿ ಹೊನ್ನಾವರದಲ್ಲಿ ಅರಬ್ಬಿ ಸಮುದ್ರಕ್ಕೆ. ಸಾಗರದಲ್ಲೂ ಹಾಗೇ, ಇಕ್ಕೇರಿ ಹತ್ತಿರ ಹುಟ್ಟೋ ವರದಾ ಬನವಾಸಿ ಮುಟ್ಟಿ ಹಾವೇರಿ ಜಿಲ್ಲೆಯ ಗಳಗನಾಥದಲ್ಲಿ ತುಂಗಭದ್ರೆ ಸೇರುತ್ತದೆ. ಜಲಾನಯನ ಇಲಾಖೆ ಪ್ರತಿ ಜಲಾನಯನಕ್ಕೂ ಕೊಡೋ ಕೋಡ್‌ನಲ್ಲಿ ಮೊದಲ ಅಂಕೆ ಇದನ್ನೇ ಹೇಳುತ್ತದೆ. ಬಂಗಾಳ ಕೊಲ್ಲಿ ಕಡೆಗೆ ಹೋಗೋ ದಕ್ಷಿಣದ ನದಿಗಳಿಗೆ 4, ಅರಬ್ಬಿ ಸಮುದ್ರದ ಕಡೆಯವಕ್ಕೆ 5. ಒಂದೇ ತಾಲ್ಲೂಕು ಕಚೇರಿಯ ಹಾಳೆಯಲ್ಲಿ 4ರಿಂದ ಶುರುವಾಗೋ ಕೋಡೂ ಇರುತ್ತದೆ, 5ರಿಂದ ಶುರುವಾಗೋದೂ ಇರುತ್ತದೆ.

ಸೊರಬ_ಗದ್ದೆಮನೆ

ನಮ್ಮದು ಬೋರ್ ವಿಷಯ. ದಿಣ್ಣೆಯ ಆಚೆ ಬೇರೆ ಹಳ್ಳದ ಕಡೆ ಒಬ್ಬರು ಆಳದ ಬೋರ್ ತೆಗೆಸಿದರು, ನಮ್ಮದು ಬೇಸಿಗೆಯಲ್ಲಿ ಗಾಳಿ ಬಿಡಲು ಶುರುವಾಯ್ತು. ಜಲಾನಯನ ಬೇರೆ ಬೇರೆ ಅಂದಮೇಲೆ ಅದು ಹೇಗೆ?

ಇಳಿಜಾರು

ಆಗಬಹುದು. ಮೇಲಿನ ಮಣ್ಣು, ಜಂಬಿಟ್ಟಿಗೆಯಲ್ಲಿ ಇರೋ ನೀರು ಹೆಚ್ಚುಕಡಿಮೆ ದಿಣ್ಣೆಯ ಲೆಕ್ಕಕ್ಕೇ ನಡೆಯುತ್ತದೆ. ತೆರೆದ ಬಾವಿ, ಒರತೆ ಇವೆಲ್ಲ ಅದರಿಂದಲೇ ಬದುಕೋದು. ಆಳದ ಬೋರ್ ಬಂಡೆಯ ಬಿರುಕಿನಿಂದ ನೀರು ಎಳೆಯುತ್ತದೆ. ಬಿರುಕಿಗೆ ಮೇಲಿನ ದಿಣ್ಣೆ ಗೊತ್ತಿಲ್ಲ, ಅದರ ಕೆಳಗೇ ಹಾದು ಆಚೆ ಹೋಗಿರಬಹುದು. ಹಾಗಾಗಿ ನಿಮ್ಮ ಪ್ರಶ್ನೆಗೆ ಕಿರು ಜಲಾನಯನದ ಗೆರೆ ಉತ್ತರ ಕೊಡಲ್ಲ. ಹೂಳಿಗೆ ಕೊಡುತ್ತದೆ, ಹರಿಯೋ ನೀರಿಗೆ ಕೊಡುತ್ತದೆ. ನಿಮ್ಮದಕ್ಕೆ ಎರಡೂ ಬೋರ್ ಒಟ್ಟಿಗೆ ನೋಡಬೇಕು, ಒಂದನ್ನು ಓಡಿಸುವಾಗ ಇನ್ನೊಂದರ ಮಟ್ಟ ಇಳಿಯುತ್ತದಾ ಅಂತ.

ಕೆರೆಕೋಡಿ

ನಕ್ಷೆ ಸಿಕ್ಕಿತು, ಗೆರೆ ಎಳೆದೆ. ಊರಿನ ಹಿರಿಯರೊಬ್ಬರನ್ನು ಜೊತೆಗೆ ಕೂರಿಸಿಕೊಂಡೆ, ಅವರಿಗೆ ಪ್ರತಿ ದಿಣ್ಣೆಯ ಹೆಸರೂ ಗೊತ್ತು. 17 ಚೌಕ ಬಂತು, ಅಂದರೆ ಸುಮಾರು 425 ಹೆಕ್ಟೇರ್. ಅದರಲ್ಲಿ 6 ಚೌಕ ನಮ್ಮ ಪಂಚಾಯ್ತಿ, 11 ಅವರದು. ಇಲಾಖೆಯ ಪಟ್ಟಿ ಕೂಡ ತೆಗೆಸಿದೆ. ಅದರಲ್ಲಿ ನಮ್ಮ ಕಿರು ಜಲಾನಯನದ ಗಡಿ ಬೇರೆಯೇ ಇದೆ, ಕೆರೆಯ ಕೆಳಗಿನ ಗದ್ದೆ ಬಯಲೂ ಸೇರಿಕೊಂಡಿದೆ, ಮೇಲಿನ ಕಾನಿನ ಕವಲು ಇನ್ನೊಂದು ಕೋಡ್‌ಗೆ ಹೋಗಿದೆ. ಇದು ಯಾಕೆ?

ಇಳಿಜಾರು

ಬಹಳ ಒಳ್ಳೆಯ ಕೆಲಸ ಮಾಡಿದಿರಿ. ಇಲಾಖೆಯ ಕಿರು ಜಲಾನಯನ ಕೆಲಸ ಹಂಚಿಕೊಳ್ಳೋಕೆ ಮಾಡಿಕೊಂಡ ಅಳತೆ, ಸುಮಾರು 500 ಹೆಕ್ಟೇರ್‌ಗೆ ಒಂದು ಅಂತ. ದೊಡ್ಡ ಹಳ್ಳವನ್ನು ಆ ಅಳತೆಗೆ ತುಂಡು ಮಾಡುವಾಗ, ಕೆಳಗಿನ ತುಂಡಿಗೆ ಮೇಲಿನ ತುಂಡಿನ ನೀರೆಲ್ಲ ಬಂದೇ ಬರುತ್ತದೆ. ಕೋಡ್ ಬೇರೆ ಆದ ಮಾತ್ರಕ್ಕೆ ನೀರು ಬೇರೆ ಆಗಲ್ಲ. ನಿಮ್ಮ ಪ್ರಶ್ನೆ ಕೆರೆಯದ್ದು, ಆದ್ದರಿಂದ ಕೋಡಿಯಿಂದ ಎಳೆದ ನಿಮ್ಮ 425 ಹೆಕ್ಟೇರ್ ಗೆರೆಯೇ ನಿಮಗೆ ಸರಿ. ಅರ್ಜಿ ಬರೆಯುವಾಗ ಎರಡೂ ಕೋಡ್ ಬರೆಯಿರಿ, ಕಚೇರಿಯವರಿಗೆ ಹುಡುಕಲು ಅದು ಬೇಕು.

ಈಗ ಒಂದು ಲೆಕ್ಕ. ಒಂದು ಹೆಕ್ಟೇರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ 10 ಘನ ಮೀಟರ್ ನೀರು. ವರ್ಷಕ್ಕೆ 2000 ಮಿ.ಮೀ. ಅಂತ ಹಿಡಿದರೆ ನಿಮ್ಮ 425 ಹೆಕ್ಟೇರ್ ಮೇಲೆ 85 ಲಕ್ಷ ಘನ ಮೀಟರ್ ಬೀಳುತ್ತದೆ. ಮೂರರಲ್ಲಿ ಒಂದು ಪಾಲು ಹರಿದು ಬರುತ್ತದೆ ಅಂದುಕೊಳ್ಳಿ, 28 ಲಕ್ಷ. ನಿಮ್ಮ ಕೆರೆ 6 ಹೆಕ್ಟೇರ್, ಸರಾಸರಿ ಆಳ 2 ಮೀಟರ್ ಆದರೆ ಹಿಡಿಯೋದು 1.2 ಲಕ್ಷ. ಅಂದರೆ ಒಂದೇ ಮಳೆಗಾಲದಲ್ಲಿ ಕೆರೆ ಇಪ್ಪತ್ತಕ್ಕೂ ಹೆಚ್ಚು ಸಲ ತುಂಬೋಷ್ಟು ನೀರು ಅದರ ಮೇಲೆ ಹಾದು ಹೋಗುತ್ತದೆ. ಬಯಲುಸೀಮೆಯಲ್ಲಿ ನಾವು ಕೆರೆ ತುಂಬಲಿ ಅಂತ ಕೆಲಸ ಮಾಡುತ್ತಿದ್ದೆವು. ಇಲ್ಲಿ ತುಂಬೋ ಚಿಂತೆ ಇಲ್ಲ. ನೀರು ಎಷ್ಟು ಜೋರಾಗಿ ಬರುತ್ತದೆ, ಏನು ಹೊತ್ತು ತರುತ್ತದೆ, ಫೆಬ್ರವರಿ ಆದಮೇಲೆ ಹಳ್ಳದಲ್ಲಿ ಎಷ್ಟು ಉಳಿಯುತ್ತದೆ ಅನ್ನೋದೇ ಚಿಂತೆ. ಅದೇ ಬಯಲುಸೀಮೆಯ ಕೆಲಸದ ಪಟ್ಟಿ ತಂದು ಇಲ್ಲಿ ಹಾಕಿದರೆ ದುಡ್ಡು ಹಾಳು.

ತೋಟದಮನೆ

ಹಾಗಾದರೆ ಗುಡ್ಡದ ತುಂಬ ಇಂಗುಗುಂಡಿ ತೋಡಿಸಿ. ಕಾನಿನಲ್ಲೂ ತೋಡಬಹುದು. ನೀರು ಹರಿಯೋದೇ ಬೇಡ, ಎಲ್ಲ ಇಂಗಲಿ.

ಇಳಿಜಾರು

ಕಾನಿನಲ್ಲಿ ಬೇಡವೇ ಬೇಡ. ಕಾನಿನ ನೆಲದಲ್ಲಿ ದಪ್ಪ ತರಗೆಲೆ, ಬೇರು ಇದೆ, ಅದು ಈಗಾಗಲೇ ಚೆನ್ನಾಗಿ ಇಂಗಿಸುತ್ತಿದೆ. ಗುಂಡಿ ತೋಡಿದರೆ ಬೇರು ಕಡಿದು ಹೊಸ ಮಣ್ಣು ಬಿಡಿಸಿದ ಹಾಗಾಗುತ್ತದೆ. ಕಡಿದಾದ ಇಳಿಜಾರಿನಲ್ಲಿ ಮಣ್ಣು ಆಳವಾಗಿದ್ದರೆ ಇನ್ನೂ ಅಪಾಯ. ವಾರಗಟ್ಟಲೆ ಮಳೆ ಹಿಡಿದಾಗ ಮಣ್ಣು ಮೊದಲೇ ನೆನೆದು ಭಾರವಾಗಿರುತ್ತದೆ, ಅದರ ಹೊಟ್ಟೆಗೆ ಇನ್ನೂ ನೀರು ನಿಲ್ಲಿಸಿದರೆ ಜಾರುತ್ತದೆ. 2018ರಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದದ್ದನ್ನು ನೋಡಿದವರು ಇಳಿಜಾರಿಗೆ ಕೈ ಹಾಕೋ ಮುಂಚೆ ಎರಡು ಸಲ ಯೋಚಿಸುತ್ತಾರೆ. ಇಂಗುಗುಂಡಿ ಸಣ್ಣ ಇಳಿಜಾರಿಗೆ, ಬೋಳು ಜಾಗಕ್ಕೆ ಸರಿ.

ಮೇಲಿನೂರು_ಸದಸ್ಯೆ

ನಾನು ಇಂಥದ್ದೇ ಮೇಲಿನ ಭಾಗದ ಒಂದು ಪಂಚಾಯ್ತಿಯ ಸದಸ್ಯೆ. ನಮ್ಮ ಕಡೆಯ ಮಾತೂ ಕೇಳಿ. ನಮ್ಮ ವಾರ್ಡ್‌ನಲ್ಲಿ ಜನ ಕೇಳೋದು ರಸ್ತೆ, ಮನೆ, ಕುಡಿಯೋ ನೀರಿನ ಪೈಪು. ಕೆಳಗಿನೂರಿನ ಕೆರೆ ಉಳಿಯಲಿ ಅಂತ ನಮ್ಮ ಗುಡ್ಡದಲ್ಲಿ ಕಲ್ಲುಕಟ್ಟೆ ಹಾಕಿಸಿದರೆ ನನಗೆ ಯಾರು ಓಟು ಹಾಕುತ್ತಾರೆ? ಸೂಕ್ಷ್ಮ ಮಾತು, ಆದರೆ ನಿಜ. ಹಿಂದೆ ನಮ್ಮಲ್ಲಿ ಜಲಾನಯನ ಯೋಜನೆ ಬಂದಾಗಲೂ ಸಮಿತಿ ಪಂಚಾಯ್ತಿಗೊಂದೊಂದೇ ಆಯ್ತು. ನಮ್ಮ ಸಮಿತಿ ನಮಗೆ ಬೇಕಾದ್ದು ಬರೆಯಿತು, ಕೆಳಗಿನವರು ಅವರಿಗೆ ಬೇಕಾದ್ದು. ಎರಡೂ ಪಟ್ಟಿ ಒಬ್ಬರೂ ಪಕ್ಕಪಕ್ಕ ಇಟ್ಟು ನೋಡಲಿಲ್ಲ.

ಇಳಿಜಾರು

ಅದು ನಿಮ್ಮ ಊರಿನ ದೋಷ ಅಲ್ಲ ಅಕ್ಕಾ, ನಿಯಮವೇ ಹಾಗಿತ್ತು. 2008ರ ಸಾಮಾನ್ಯ ಮಾರ್ಗಸೂಚಿಯಲ್ಲೇ ಯೋಜನೆ ಒಂದಕ್ಕಿಂತ ಹೆಚ್ಚು ಪಂಚಾಯ್ತಿಗೆ ಸೇರಿದರೆ ಸಮಿತಿ ಪಂಚಾಯ್ತಿಗೆ ಬೇರೆ ಬೇರೆ ಅಂತ ಇತ್ತು. ಅದಕ್ಕೆ ಕಾರಣವೂ ಇದೆ. ದುಡ್ಡಿನ ಲೆಕ್ಕ ಕೇಳೋ ಗ್ರಾಮಸಭೆ ಪಂಚಾಯ್ತಿಗೆ ಸೇರಿದ್ದು, ಜಲಾನಯನಕ್ಕೆ ಗ್ರಾಮಸಭೆ ಇಲ್ಲ. ಚುನಾವಣೆಯೂ ಇಲ್ಲ. ಆದ್ದರಿಂದ ಪಂಚಾಯ್ತಿಯನ್ನು ಬಿಟ್ಟು ಜಲಾನಯನ ಅನ್ನೋ ಬೇರೆ ಸರ್ಕಾರ ಮಾಡೋಕೆ ಹೋಗಬಾರದು ಅಂತ ನನ್ನ ಅಭಿಪ್ರಾಯ. ನಕ್ಷೆ ಒಂದೇ ಇರಲಿ, ಕೆಲಸದ ಪಟ್ಟಿ ಒಂದೇ ಇರಲಿ. ಅದನ್ನು ಸರ್ವೆ ನಂಬರ್ ಪ್ರಕಾರ ಎರಡು ಭಾಗ ಮಾಡಿ, ಎರಡೂ ಗ್ರಾಮಸಭೆಯಲ್ಲಿ ಓದಿಸಿ ಠರಾವು ಮಾಡಿಸಿ. ತಾಲ್ಲೂಕು ಪಂಚಾಯ್ತಿಗೆ ಎರಡೂ ಒಟ್ಟಿಗೆ ಹೋಗಲಿ.

ಇದರಲ್ಲಿ ಕೆಡೋದು ಹೆಚ್ಚಾಗಿ ಸಮಯ. ಕೆಳಗಿನವರ ದುಡ್ಡು ಮೊದಲು ಬಂದು ಹೂಳು ತೆಗೆದುಬಿಡುತ್ತಾರೆ, ಮೇಲಿನ ಕೆಲಸ ಎರಡು ವರ್ಷ ಬಿಟ್ಟು ಆಗುತ್ತದೆ. ಆ ಎರಡು ಮಳೆಗಾಲದಲ್ಲಿ ತೆಗೆದದ್ದರಲ್ಲಿ ಒಂದಷ್ಟು ವಾಪಸ್ ಬಂದಿರುತ್ತದೆ. ಆರು ಹೆಕ್ಟೇರ್ ಕೆರೆಯಲ್ಲಿ ಒಂದಡಿ ಹೂಳು ಅಂದರೆ 18,000 ಘನ ಮೀಟರ್. ಟಿಪ್ಪರ್‌ಗೆ 5 ಘನ ಮೀಟರ್ ಅಂದರೂ 3600 ಲೋಡು. ಹಾಗಾಗಿ ಮೇಲಿನ ಕೆಲಸ ಮೊದಲು, ಕೆರೆ ಕೊನೆಗೆ.

ಶುಂಠಿಪಟ್ಟೆ

ಎಲ್ಲರೂ ಶುಂಠಿ ಗುಡ್ಡ ಅಂತ ಬರೆಯುತ್ತಿದ್ದೀರಿ, ಅದಕ್ಕೆ ನಾನು ಹೇಳಲೇಬೇಕು. ನಾನು ಗುತ್ತಿಗೆ ಭೂಮಿಯಲ್ಲಿ ಶುಂಠಿ ಹಾಕೋನು. ಪಟ್ಟೆಯನ್ನು ಇಳಿಜಾರಿನ ಉದ್ದಕ್ಕೇ ಯಾಕೆ ಹಾಕುತ್ತೇವೆ ಅಂದರೆ ನೀರು ನಿಂತರೆ ಕೊಳೆ ಬರುತ್ತದೆ. ಕೊಳೆ ಬಂದರೆ ಮುಗೀತು, ಹಾಕಿದ ಬೀಜದ ದುಡ್ಡೂ ಬರಲ್ಲ. ಅಡ್ಡ ಪಟ್ಟೆ ಮಾಡಿ, ಬದು ಹಾಕಿ ಅಂತ ಹೇಳೋದು ಸುಲಭ. ಗುತ್ತಿಗೆ ಒಂದು ಬೆಳೆಗೆ. ಮುಂದಿನ ವರ್ಷ ನಾನು ಬೇರೆ ಗುಡ್ಡದಲ್ಲಿರುತ್ತೇನೆ. ಆ ಬದುವಿಗೆ ನಾನ್ಯಾಕೆ ಕೂಲಿ ಕೊಡಲಿ? ಭೂಮಿ ಯಜಮಾನರನ್ನು ಕೇಳಿ.

ಮತ್ತೆ ಹೂಳೆಲ್ಲ ಶುಂಠಿಯಿಂದಲೇ ಬರುತ್ತದೆ ಅಂತ ಯಾರು ನೋಡಿದ್ದಾರೆ? ಕೆರೆ ಹತ್ತಿರ ನಿಂತು ಮೇಲೆ ಕೈ ತೋರಿಸಬೇಡಿ. ಜೋರು ಮಳೆಯಲ್ಲಿ ಹತ್ತಿ ನೋಡಿ.

ಇಳಿಜಾರು

ಕೊಳೆಯ ಮಾತು ಪೂರ್ತಿ ಸರಿ. ಅಡ್ಡಕ್ಕೆ ಮಟ್ಟಸ ಪಟ್ಟೆ ಹಾಕಿ ಅಂತ ಶುಂಠಿಗೆ ನಾನೂ ಹೇಳಲ್ಲ. ಓರೆಯಾಗಿ ಹಾಕಬಹುದು, ನೀರು ನಿಲ್ಲದೆ ನಿಧಾನ ಹೋಗೋ ಹಾಗೆ. ಪಟ್ಟೆಗಳ ನಡುವಿನ ಕಾಲುವೆಗಳನ್ನು ನೇರ ಹಳ್ಳಕ್ಕೆ ಬಿಡದೆ ಕೆಳಗೆ ನಾಲ್ಕೈದು ಮೀಟರ್ ಹುಲ್ಲಿನ ಪಟ್ಟಿ ಉಳಿಸಿ ಅದರ ಮೇಲೆ ಹರಡಬೇಕು. ಸೊಪ್ಪಿನ ಹೊದಿಕೆ ಮೊದಲ ಜೋರು ಮಳೆಗೆ ಮುಂಚೆ ಬಿದ್ದಿರಬೇಕು. ಇದರಲ್ಲಿ ಬೆಳೆಗಾರನಿಗೆ ಹೊರೆ ಆಗೋದು ಹುಲ್ಲಿನ ಪಟ್ಟಿ ಒಂದೇ, ಅಷ್ಟು ಜಾಗದ ಗುತ್ತಿಗೆ ಹೋಗುತ್ತದೆ.

ಹತ್ತಿ ನೋಡಿ ಅಂದದ್ದು ಇನ್ನೂ ಸರಿ. ಕೆರೆಕೋಡಿಯವರೇ, ಕವಲು ಸೇರುವ ಕಡೆ ಎರಡೂ ಕವಲಿನಿಂದ ಒಂದೇ ಹೊತ್ತಿಗೆ ಒಂದೊಂದು ಲೀಟರ್ ಬಾಟಲಿ ತುಂಬಿಸಿ. ಮಳೆ ಏರುವಾಗ ತುಂಬಿಸಬೇಕು, ಇಳಿದ ಮೇಲೆ ತಿಳಿಯಾಗಿಬಿಡುತ್ತದೆ. ರಾತ್ರಿ ಇಟ್ಟು ಬೆಳಿಗ್ಗೆ ತಳದಲ್ಲಿ ಕೂತ ಮಣ್ಣು ನೋಡಿ. ಆದರೆ ಬರೀ ಬಾಟಲಿ ನಂಬಬೇಡಿ. ನೀರು ಎಷ್ಟು ಬರುತ್ತಿದೆ ಅನ್ನೋದೂ ಬೇಕು. ಹತ್ತು ಮೀಟರ್ ನೇರ ಇರೋ ಕಡೆ ಒಣ ಅಡಿಕೆ ಹಾಳೆಯ ತುಂಡು ತೇಲಿಬಿಟ್ಟು ಎಷ್ಟು ಸೆಕೆಂಡ್ ಆಗುತ್ತದೆ ನೋಡಿ, ಅಗಲ, ಆಳ ಬರೆದುಕೊಳ್ಳಿ. ಅಗಲ, ಆಳ ನೀರು ಇಳಿದ ಮೇಲೆ ಅಳೆದರೆ ಸಾಕು, ತುಂಬಿದ ಹಳ್ಳಕ್ಕೆ ಇಳಿಯಬೇಡಿ. ತಳದಲ್ಲಿ ಉರುಳಿಕೊಂಡು ಬರೋ ದಪ್ಪ ಮರಳು ಬಾಟಲಿಗೆ ಸಿಗಲ್ಲ, ಅದಕ್ಕೆ ತಿರುವುಗಳಲ್ಲಿ ಏನು ಗುಡ್ಡೆ ಬಿದ್ದಿದೆ ನೋಡಬೇಕು.

ಕೆರೆಕೋಡಿ

ಜೋರು ಮಳೆ ಬಂತು, ಹೋಗಿದ್ದೆವು. ಶುಂಠಿಪಟ್ಟೆಯವರೇ, ನೀವು ಹೇಳಿದ್ದು ಒಳ್ಳೆಯದಾಯ್ತು.

ಕಾನಿನ ಕವಲು ಹೆಚ್ಚುಕಡಿಮೆ ಚಹಾದ ಬಣ್ಣ, ಬಾಟಲಿ ತಳದಲ್ಲಿ ತೆಳು ಪದರ. ಇನ್ನೊಂದು ಕವಲು ಕೆಂಪು. ಎರಡು ಬೆರಳಿಗಿಂತ ಜಾಸ್ತಿ ಮಣ್ಣು ಕೂತಿತು. ನೀರೂ ಅದರಲ್ಲೇ ಜಾಸ್ತಿ ಇತ್ತು, ಇದು ನಮಗೆ ವಿಚಿತ್ರ ಅನ್ನಿಸಿತು, ಯಾಕೆಂದರೆ ನಕ್ಷೆಯಲ್ಲಿ ಆ ಕವಲಿನ ಜಾಗ ಚಿಕ್ಕದು. ಹಾಗೇ ಮೇಲೆ ಹೋದೆವು. ಶುಂಠಿ ಹೊಲದ ಕೆಳಗೆ ಕೆಂಪು ಇದೆ, ನಿಜ. ಆದರೆ ಹೊಲದ ಮೇಲೂ ಕೆಂಪೇ ಬರುತ್ತಿತ್ತು. ಇನ್ನೂ ಮೇಲೆ ದಿಣ್ಣೆ ನೆತ್ತಿಯ ಹತ್ತಿರ ರಸ್ತೆ ಇದೆ, ಈಚೆಗೆ ಅಗಲ ಮಾಡಿದ್ದು. ಆ ರಸ್ತೆ ದಿಣ್ಣೆಯ ಆಚೆ ಮಗ್ಗುಲಿನಲ್ಲಿ ಸುಮಾರು ದೂರ ಹೋಗಿ, ತಗ್ಗಾದ ಕಡೆ ದಿಣ್ಣೆ ದಾಟಿ ಈಚೆ ಬರುತ್ತದೆ. ಆಚೆಯ ಗುಡ್ಡದ ನೀರನ್ನೆಲ್ಲ ಚರಂಡಿ ಹಿಡಿದುಕೊಂಡು ಈಚೆ ತಂದು, ಒಂದೇ ಮೋರಿಯಲ್ಲಿ ನಮ್ಮ ಹಳ್ಳದ ತಲೆಗೆ ಸುರಿಯುತ್ತಿದೆ. ಮೋರಿಯ ಬಾಯಲ್ಲಿ ಆಳೆತ್ತರದ ಕೊರಕಲು ಬಿದ್ದಿದೆ, ಬೇರುಗಳು ಗಾಳಿಯಲ್ಲಿ ನೇತಾಡುತ್ತಿವೆ. ರಸ್ತೆ ಕಡಿದ ಗೋಡೆಯಿಂದ ಮಣ್ಣು ಇನ್ನೂ ಉದುರುತ್ತಿದೆ.

ಆ ಆಚೆಯ ಗುಡ್ಡ ನಮ್ಮ ಗೆರೆಯ ಒಳಗೆ ಇಲ್ಲವೇ ಇಲ್ಲ. ನಕ್ಷೆಯಲ್ಲಿ ಅಳೆದರೆ ಸುಮಾರು ಅರ್ಧ ಚೌಕ, 12 ಹೆಕ್ಟೇರ್.

ಮಲ್ನಾಡಿಗ_ಬೆಂಗಳೂರು

ನಾನು ಇಲ್ಲೇ ಕೂತು ನಿಮ್ಮ ಕಡೆಯದ್ದು ಮಾಡಿ ನೋಡಿದೆ. 30 ಮೀಟರ್ ಚೌಕದಲ್ಲಿ ಆ ಚರಂಡಿ ಕಾಣೋದೇ ಇಲ್ಲ. ಕಂಪ್ಯೂಟರ್ ಆ 12 ಹೆಕ್ಟೇರ್ ನೀರನ್ನು ಆಚೆ ಹಳ್ಳಕ್ಕೇ ಕಳಿಸುತ್ತಿದೆ.

ಇಳಿಜಾರು

ಅದೇ ನಾನು ಹೇಳಿದ್ದು, ಗೆರೆ ದಾಟಿ ಒಳಗೆ ಬರೋದನ್ನು ನೋಡಬೇಕು ಅಂತ. 12 ಹೆಕ್ಟೇರ್ ಸಣ್ಣದು ಅನ್ನಿಸಬಹುದು. ಒಂದು ಮಧ್ಯಾಹ್ನ 50 ಮಿ.ಮೀ. ಬಿದ್ದರೆ ಅದರ ಮೇಲೆ 6000 ಘನ ಮೀಟರ್. ಅರ್ಧ ಹರಿದರೂ 3000, ಅಂದರೆ 30 ಲಕ್ಷ ಲೀಟರ್ ಒಂದೇ ಮೋರಿಯ ಬಾಯಲ್ಲಿ. ಮೊದಲು ಆ ನೀರು ಗುಡ್ಡದ ಮೇಲೆ ಹರಡಿಕೊಂಡು ಆಚೆ ಇಳಿಯುತ್ತಿತ್ತು.

ಕೊರಕಲಿಗೆ ಕಲ್ಲು ತುಂಬಿಸೋಕೆ ಓಡಬೇಡಿ. ನೀರು ಅಷ್ಟೇ ಜೋರಾಗಿ ಬರುತ್ತಿದ್ದರೆ ಕಲ್ಲನ್ನೂ ತಳ್ಳಿಕೊಂಡು ಹೋಗುತ್ತದೆ. ಮೊದಲು ಆಚೆ ಮಗ್ಗುಲಲ್ಲೇ ಚರಂಡಿಯಿಂದ ಅಲ್ಲಲ್ಲಿ ಮೋರಿ ಹಾಕಿ ನೀರನ್ನು ಅದರ ಹಳೆಯ ಹಳ್ಳಕ್ಕೆ ಬಿಡಬೇಕು. ಇಳಿಜಾರು ಜಾಸ್ತಿ ಇದ್ದಷ್ಟು ಮೋರಿ ಹತ್ತಿರ ಹತ್ತಿರ ಬೇಕು. ಕೆಳಗೆ ಮನೆ ಇರೋ ಕಡೆ, ಹೊಸದಾಗಿ ಮಣ್ಣು ತುಂಬಿದ ಕಡೆ ಬಿಡಬಾರದು. ಆಮೇಲೆ ಕೊರಕಲಿನ ತಲೆಯಿಂದ ಕೆಳಕ್ಕೆ ಸಣ್ಣ ಸಣ್ಣ ಕಲ್ಲುಕಟ್ಟೆ. ಶುಂಠಿ ಹೊಲದ ಕೆಳಗಿನ ಹುಲ್ಲಿನ ಪಟ್ಟಿ ಅದರ ಜೊತೆಗೇ ಆಗಲಿ, ಅಲ್ಲಿಂದಲೂ ಮಣ್ಣು ಬರುತ್ತಿದೆಯಲ್ಲ.

ಶುಂಠಿಪಟ್ಟೆ

ಹುಲ್ಲಿನ ಪಟ್ಟಿಗೆ ಹೋಗೋ ಗುತ್ತಿಗೆ ದುಡ್ಡನ್ನು ಕೆರೆ ಕೆಳಗಿನ ಗದ್ದೆಯವರು ಕೊಡುತ್ತಾರಾ? ಲಾಭ ಅವರಿಗೇ ಅಲ್ವಾ?

ತೋಟದಮನೆ

ಅದ್ಹೇಗೆ ಕೊಡೋಕಾಗುತ್ತೆ? ಅವರವರ ಹೊಲದ ಮಣ್ಣು ಅವರವರೇ ಹಿಡಿದುಕೊಳ್ಳಬೇಕು.

ಇಳಿಜಾರು

ಇದಕ್ಕೆ ನನ್ನ ಹತ್ತಿರ ಸಿದ್ಧ ಉತ್ತರ ಇಲ್ಲ. ಕೆಲವು ಕಡೆ ಭೂಮಿ ಯಜಮಾನರೇ ಗುತ್ತಿಗೆ ಮಾತಾಡುವಾಗ ಆ ಪಟ್ಟಿಯನ್ನು ಲೆಕ್ಕಕ್ಕೆ ಹಿಡಿಯದೆ ಬಿಟ್ಟದ್ದು ನೋಡಿದ್ದೇನೆ. ಯಜಮಾನರು ಒಪ್ಪದಿದ್ದರೆ ಕೆಲಸ ನಿಂತದ್ದನ್ನೂ ನೋಡಿದ್ದೇನೆ.

ಹೊಸನಗರ_ಕಡೆಯವ

ದಿಣ್ಣೆಯ ಆಚೆ ಊರಿನವರನ್ನು ಯಾರಾದರೂ ಕೇಳಿದಿರಾ? ರಸ್ತೆ ಆದಮೇಲೆ ಅವರ ಹಳ್ಳಕ್ಕೆ ನೀರು ಕಡಿಮೆ ಆಗಿರಬೇಕಲ್ಲ.

ಕೆರೆಕೋಡಿ

ಕೇಳಿಲ್ಲ ಅಣ್ಣಾ, ಕೇಳಬೇಕು. ಅವರ ತೋಟಕ್ಕೆ ಬೇಸಿಗೆಯಲ್ಲಿ ನೀರು ಸಾಲುತ್ತಿಲ್ಲ ಅಂತ ಹಾದಿಯಲ್ಲಿ ಸಿಕ್ಕ ಒಬ್ಬರು ಹೇಳಿದರು, ಅದು ಇದರಿಂದಲೇ ಅಂತ ಹೇಳೋಕಾಗಲ್ಲ. ಆದರೆ ಅವರಿಗೂ ಮೋರಿ ಬೇಕು ಅನ್ನಿಸಿದರೆ ರಸ್ತೆಯವರ ಹತ್ತಿರ ಮೂರು ಊರು ಒಟ್ಟಿಗೆ ಹೋಗಬಹುದು. ನಾವಷ್ಟೇ ಹೋದಾಗ, ಅಂದಾಜಿನಲ್ಲಿ ಹೊಸ ಮೋರಿ ಇಲ್ಲ ಅಂತ ಹೇಳಿ ಕಳಿಸಿದರು.

ಮೇಲಿನೂರು_ಸದಸ್ಯೆ

ಆ ರಸ್ತೆ ಕೇಳಿದ್ದು ನಿಮ್ಮ ಮೇಲಿನ ಪಂಚಾಯ್ತಿಯ ಜನ ಇರಬೇಕು. ಹಾಗಾದರೆ ಮೋರಿಯ ಮಾತನ್ನು ಕೆರೆಯ ಹೂಳಿನಿಂದ ಶುರು ಮಾಡಬೇಡಿ. ಈ ಕೊರಕಲು ಹೀಗೇ ಹಿಂದಕ್ಕೆ ತಿಂದುಕೊಂಡು ಬಂದರೆ ರಸ್ತೆಯೇ ಕುಸಿಯುತ್ತದೆ ಅಂತ ಶುರು ಮಾಡಿ. ಕೊರಕಲಿನ ಅಂಚಿನಿಂದ ಡಾಂಬರಿಗೆ ಈಗ ಎಷ್ಟು ಅಡಿ ಇದೆ ಅಂತ ಅಳೆದು, ಒಂದು ಗೂಟ ಹೊಡೆದು ಫೋಟೋ ತೆಗೆದಿಡಿ. ಮಳೆಗಾಲ ಮುಗಿದ ಮೇಲೆ ಮತ್ತೆ ಅಳೆಯಿರಿ. ಆ ಊರಿನ ಗ್ರಾಮಸಭೆಗೆ ಆ ಎರಡು ಫೋಟೋ, ಸರ್ವೆ ನಂಬರ್ ಬರೆದ ನಕ್ಷೆ ಎರಡನ್ನೂ ತೆಗೆದುಕೊಂಡು ಹೋಗಿ. ನಾನಾಗಿದ್ದರೆ ಅದನ್ನು ಪಟ್ಟಿಯಲ್ಲಿ ಮೊದಲಿಗೆ ಹಾಕುತ್ತಿದ್ದೆ.

ಕೆರೆಕೋಡಿ

ಗೂಟ ನಾಳೆಯೇ ಹೊಡೆಯುತ್ತೇವೆ. ಇಳಿಜಾರು ಅಕ್ಕಾ, ಆ 12 ಹೆಕ್ಟೇರನ್ನು ನಮ್ಮ ಗೆರೆಯೊಳಗೆ ಸೇರಿಸಿ ಬರೆಯಲಾ, ಬೇರೆ ಬಣ್ಣದಲ್ಲಿ ತೋರಿಸಲಾ?

ಇಳಿಜಾರು

ಬೇರೆ ಬಣ್ಣ. ಸೇರಿಸಿದರೆ ಆ ನೀರು ಇಲ್ಲಿಗೇ ಸೇರಿದ್ದು ಅಂತ ಕಾಗದದಲ್ಲಿ ಖಾಯಂ ಆಗಿಬಿಡುತ್ತದೆ. ಚರಂಡಿಯಿಂದ ಬರುತ್ತಿದೆ ಅಂತ ಪಕ್ಕದಲ್ಲಿ ಬರೆದು, ಮೋರಿ ಇರೋ ಜಾಗಕ್ಕೆ ಗುರುತು ಹಾಕಿ.